ಶೇ 20 ಚಾರ್ಜ್ ಇದ್ದರೂ ಹಳೆಯ ಫೋನ್ ಆಫ್ ಆಗುವುದೇಕೆ?

ಫೋನಿನ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಎರಡು ತೆಳು ಹಾಳೆಗಳಿರುತ್ತವೆ. ಧನಾಗ್ರದ ಹಾಳೆಗೆ ಸಾಮಾನ್ಯವಾಗಿ ಲಿಥಿಯಂ ಮತ್ತು ಕೋಬಾಲ್ಟ್ ಸೇರಿದ ಆಕ್ಸೈಡ್ ಅನ್ನೂ ಋಣಾಗ್ರದ ಹಾಳೆಗೆ ಗ್ರಾಫೈಟ್ ಅನ್ನೂ ಲೇಪಿಸಿರುತ್ತಾರೆ. ಇವು ಒಂದಕ್ಕೊಂದು ತಗುಲದಂತೆ ನಡುವೆ ಸೂಕ್ಷ್ಮ ರಂಧ್ರಗಳ ಪ್ಲಾಸ್ಟಿಕ್ ಪೊರೆಯಿದ್ದು, ಎಲ್ಲವೂ ಲಿಥಿಯಂ ಲವಣ ಕರಗಿದ ಎಲೆಕ್ಟ್ರೊಲೈಟ್ ದ್ರವದಲ್ಲಿ ನೆನೆದಿರುತ್ತವೆ.

ಮೊದಲ ಹಂತ ಶಕ್ತಿಯನ್ನು ತುಂಬುವುದು. ಚಾರ್ಜರ್ ಧನಾಗ್ರದಿಂದ ಎಲೆಕ್ಟ್ರಾನುಗಳನ್ನು ಎಳೆದು, ಹೊರಗಿನ ತಂತಿಯ ಮೂಲಕ ಗ್ರಾಫೈಟಿಗೆ ತಳ್ಳುತ್ತದೆ. ಅದೇ ಹೊತ್ತಿಗೆ ಆಕ್ಸೈಡಿನಿಂದ ಹೊರಬಿದ್ದ ಲಿಥಿಯಂ ಅಯಾನುಗಳು ದ್ರವವನ್ನು ದಾಟಿ ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಲಿಥಿಯಂ ಹೆಚ್ಚು ಸ್ಥಿರವಾಗಿರುವುದು ಆಕ್ಸೈಡಿನಲ್ಲಿ. ಅದನ್ನು ಅಲ್ಲಿಂದ ಕದಲಿಸಲು ಚಾರ್ಜರ್ ಮಾಡಿದ ಕೆಲಸವೇ, ಎತ್ತರದ ತೊಟ್ಟಿಗೆ ಏರಿಸಿದ ನೀರಿನಲ್ಲಿರುವಂತೆ, ಶಕ್ತಿಯಾಗಿ ಉಳಿಯುತ್ತದೆ.

ಎರಡನೆಯ ಹಂತದಲ್ಲಿ, ಎಂದರೆ ಫೋನ್ ಬಳಸುವಾಗ, ಅಯಾನುಗಳು ದ್ರವದೊಳಗಿಂದ ಹಿಂದಿರುಗುತ್ತವೆ. ಎಲೆಕ್ಟ್ರಾನುಗಳಿಗೆ ಆ ದಾರಿಯಿಲ್ಲದ ಕಾರಣ ಅವು ಫೋನಿನ ಸರ್ಕ್ಯೂಟಿನ ಮೂಲಕವೇ ಸಾಗಬೇಕು. ನಮಗೆ ದೊರೆಯುವ ವಿದ್ಯುತ್ತು ಅದೇ.

ಈ ಹೋಗಿಬರುವಿಕೆ ಪೂರ್ತಿ ನಷ್ಟವಿಲ್ಲದೆ ನಡೆಯುವುದಿಲ್ಲ. ತಯಾರಿಕೆಯ ಮೊದಲ ಚಾರ್ಜಿನಲ್ಲೇ ದ್ರವವು ಗ್ರಾಫೈಟಿನ ಮೇಲೆ ಒಡೆದು, ಸ್ವಲ್ಪ ಲಿಥಿಯಂ ಅನ್ನು ಸೇರಿಸಿಕೊಂಡು, ತೆಳುವಾದ ಪದರವೊಂದನ್ನು ಕಟ್ಟುತ್ತದೆ. ಅದು ಬೇಕಾದದ್ದೇ, ಏಕೆಂದರೆ ಉಳಿದ ದ್ರವವನ್ನು ಅದು ಕಾಪಾಡುತ್ತದೆ. ಆದರೆ ಚಾರ್ಜಾದಾಗ ಗ್ರಾಫೈಟ್ ಸುಮಾರು ಶೇ 10ರಷ್ಟು ಹಿಗ್ಗಿ, ಖಾಲಿಯಾದಾಗ ಕುಗ್ಗುವುದರಿಂದ ಪದರ ಬಿರುಕು ಬಿಡುತ್ತದೆ. ಬಿರುಕು ಮುಚ್ಚಲು ಮತ್ತಷ್ಟು ಲಿಥಿಯಂ ವ್ಯಯವಾಗುತ್ತದೆ. ಹೀಗೆ ಸಂಗ್ರಹ ಸಾಮರ್ಥ್ಯ ಇಳಿಯುವುದಲ್ಲದೆ, ದಪ್ಪವಾದ ಪದರವು ಅಯಾನುಗಳ ದಾರಿಗೆ ಅಡ್ಡಿಯಾಗಿ ಬ್ಯಾಟರಿಯ ಆಂತರಿಕ ರೋಧ ಹೆಚ್ಚುತ್ತದೆ. ಜನರು ಸಾಮರ್ಥ್ಯದ ಕುಸಿತವನ್ನಷ್ಟೇ ಗಮನಿಸುತ್ತಾರೆ. ಹೆಚ್ಚು ಕಾಡುವುದು ಈ ರೋಧವೇ ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಶೇ 20 ಚಾರ್ಜಿನಲ್ಲಿ ಬ್ಯಾಟರಿ 3.6 ವೋಲ್ಟ್ ತೋರಿಸುತ್ತಿದೆ, 3.2 ವೋಲ್ಟ್‌ಗಿಂತ ಕೆಳಗಿಳಿದರೆ ಫೋನ್ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಫ್ಲ್ಯಾಷ್ ಬೆಳಗಿದಾಗ 2 ಆಂಪಿಯರ್ ಹರಿಯುತ್ತದೆ. ಹೊಸ ಬ್ಯಾಟರಿಯ ರೋಧ 0.1 ಓಮ್ ಆಗಿದ್ದರೆ, ಆ ಎರಡನ್ನೂ ಗುಣಿಸಿದಾಗ ಬರುವ 0.2 ವೋಲ್ಟ್ ಮಾತ್ರ ಕುಸಿದು 3.4 ಉಳಿಯುತ್ತದೆ. ಹಳೆಯದರಲ್ಲಿ ರೋಧ 0.3 ಓಮ್‌ಗೆ ಏರಿದ್ದರೆ 0.6 ವೋಲ್ಟ್ ಕುಸಿದು 3.0ಕ್ಕೆ ಬರುತ್ತದೆ, ಒಳಗೆ ಶಕ್ತಿ ಉಳಿದಿದ್ದರೂ ಫೋನ್ ಆಫ್ ಆಗುತ್ತದೆ. ಚಳಿಯಲ್ಲಿ ರೋಧ ಇನ್ನಷ್ಟು ಏರುತ್ತದೆ. ಆದ್ದರಿಂದ ಚಳಿಯಲ್ಲಿ ಆಫ್ ಆದ ಫೋನ್ ಬೆಚ್ಚಗಾದ ಮೇಲೆ ಚಾರ್ಜ್ ಮಾಡದೆಯೇ ಮತ್ತೆ ಆನ್ ಆದರೆ, ಕಾರಣ ರೋಧವೆಂದು ತಿಳಿಯಬಹುದು.

ಪದರದ ಬೆಳವಣಿಗೆಯನ್ನು ನಿಲ್ಲಿಸಲಾಗದು, ನಿಧಾನಗೊಳಿಸಬಹುದು. ಬಿಸಿ ಮತ್ತು ಪೂರ್ಣ ಚಾರ್ಜ್ ಒಟ್ಟಿಗೆ ಸೇರಿದಾಗ ಹಾನಿ ಹೆಚ್ಚು. ಆದ್ದರಿಂದ ಫೋನನ್ನು ದಿಂಬಿನಡಿ ಅಥವಾ ಬಿಸಿಲಲ್ಲಿ ಚಾರ್ಜ್ ಮಾಡಬಾರದು, ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಬೇಕು. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿದ್ದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತದೆ, ಚುಚ್ಚದೆ, ಮತ್ತೆ ಚಾರ್ಜ್ ಮಾಡದೆ ಬದಲಿಸಲು ಒಯ್ಯಬೇಕು.