ಇಂಗ್ಲಿಷ್ ಮೇಲ್ ಕನ್ನಡಕ್ಕೆ ಬಂದಾಗ: ಒಂದು ಪಿಎಫ್ ನಾಮಿನಿ ಸೂಚನೆಯ ಅನುಭವ

ನಾನು ಬೆಂಗಳೂರಿನ ಒಂದು ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೆಡ್ ಆಫೀಸಿನಿಂದ ಬರುವ ಇಂಗ್ಲಿಷ್ ಮೇಲ್‌ಗಳನ್ನು ಕನ್ನಡಕ್ಕೆ ತರುವುದು ನನ್ನ ಪಾಲಿನ ಕೆಲಸ. ಅದೇ ಕನ್ನಡ ಮೇಲ್ ಪ್ರಿಂಟ್ ಆಗಿ ನೋಟಿಸ್ ಬೋರ್ಡಿಗೂ ಹೋಗುತ್ತದೆ, ಲೈನ್‌ಗಳ ವಾಟ್ಸ್‌ಆ್ಯಪ್ ಗುಂಪುಗಳಿಗೂ ಹೋಗುತ್ತದೆ. ಓದುವವರಲ್ಲಿ ನಿವೃತ್ತಿಗೆ ಹತ್ತಿರವಾದ ಹಿರಿಯರಿದ್ದಾರೆ, ಐಟಿಐ ಮುಗಿಸಿ ಈಗಷ್ಟೇ ಬಂದ ಹುಡುಗರೂ ಇದ್ದಾರೆ. ಇಬ್ಬರಿಗೂ ಹೊಂದುವ ಒಂದೇ ಮೇಲ್ ಬರೆಯಬೇಕು.

ಇಲ್ಲಿ ಒಂದು ಮೇಲ್ ಹೇಗೆ ಮಾಡಿದೆ ಅಂತ ಹೇಳುತ್ತೇನೆ. ಪಿಎಫ್ ಖಾತೆಗೆ ಆನ್‌ಲೈನ್‌ನಲ್ಲಿ ನಾಮಿನಿ ಹೆಸರು ಸೇರಿಸುವ ಬಗ್ಗೆ ಬಂದದ್ದು. ಮೂಲದಲ್ಲಿ ಎಂದಿನ ಸಾಲುಗಳೇ ಇದ್ದವು. ‘ಹಾಯ್ ಟೀಮ್’, ‘ಹೋಪ್ ಯು ಆರ್ ಡೂಯಿಂಗ್ ವೆಲ್’, ಆಮೇಲೆ ‘ಜೆಂಟಲ್ ರಿಮೈಂಡರ್’. ಎಲ್ಲ ನೌಕರರೂ ಶುಕ್ರವಾರ ‘ಇಒಡಿ’ಯೊಳಗೆ, ಅಂದರೆ ದಿನ ಮುಗಿಯುವುದರೊಳಗೆ, ಇದನ್ನು ಮುಗಿಸಬೇಕು, ಮುಗಿಸದಿದ್ದರೆ ನೌಕರ ಮರಣ ಹೊಂದಿದಾಗ ಹಣ ಪಾವತಿ ತಡವಾಗುತ್ತದೆ ಎಂಬ ಎಚ್ಚರಿಕೆ. ಮದುವೆಯಾದವರು ವಿವರ ಬದಲಿಸಬೇಕು ಎಂಬ ಸಾಲು. ಸಂದೇಹವಿದ್ದರೆ ಎಚ್‌ಆರ್‌ನ ಒಬ್ಬರನ್ನು ‘ರೀಚ್ ಔಟ್’ ಮಾಡಿ, ಸಹಕಾರಕ್ಕೆ ಧನ್ಯವಾದ.

ಸಾಲು ಹಿಡಿದು ಅನುವಾದ ಮಾಡಲು ಕೂರುವ ಮುಂಚೆ ನಾನು ಮೂರು ವಿಷಯ ಗುರುತು ಹಾಕಿಕೊಳ್ಳುತ್ತೇನೆ. ಯಾರು ಏನು ಮಾಡಬೇಕು, ಯಾವಾಗ ಮಾಡಬೇಕು, ಮಾಡಿದರೆ ಯಾರಿಗೆ ಒಳ್ಳೆಯದು. ಈ ಮೂರನೆಯದು ಮುಖ್ಯ. ಕನ್ನಡದಲ್ಲಿ ಮರ್ಯಾದೆಯ ಮಟ್ಟ ಅದರ ಮೇಲೆ ನಿಂತಿರುತ್ತದೆ. ಬಹಳ ಜನ ‘ದಯವಿಟ್ಟು’ ಸೇರಿಸಿದರೆ ಮರ್ಯಾದೆ ಬಂತು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕೊನೆಯಲ್ಲಿ ಹಾಕುವ ಉಪ್ಪು. ಮರ್ಯಾದೆ ಇರುವುದು ಕ್ರಿಯಾಪದದಲ್ಲಿ.

ಒಂದೇ ಸೂಚನೆಯನ್ನು ಕನ್ನಡದಲ್ಲಿ ಎಷ್ಟು ಬಗೆಯಲ್ಲಿ ಹೇಳಬಹುದು ನೋಡಿ. ‘ನಾಮಿನಿ ವಿವರ ಭರ್ತಿ ಮಾಡತಕ್ಕದ್ದು’ ಅಂದರೆ ಸರ್ಕಾರಿ ಆದೇಶ. ‘ಭರ್ತಿ ಮಾಡಿರಿ’ ಅಂದರೆ ಪ್ರಶ್ನೆಪತ್ರಿಕೆಯ ವಾಸನೆ. ‘ಭರ್ತಿ ಮಾಡಲು ಈ ಮೂಲಕ ಕೋರಲಾಗಿದೆ’ ಅಂದರೆ ಯಾರು ಕೋರಿದರು, ಯಾರನ್ನು ಕೋರಿದರು ಎರಡೂ ಕಾಣೆ. ಓದಿದವರು ಇದು ಬೇರೆ ಯಾರಿಗೋ ಅಂತ ಮುಂದೆ ಹೋಗುತ್ತಾರೆ. ‘ನೀವು ಭರ್ತಿ ಮಾಡಬೇಕು’ ಸ್ಪಷ್ಟವಾಗಿದೆ, ಆದರೆ ವಯಸ್ಸಾದವರಿಗೆ ಇಪ್ಪತ್ತೈದರ ಹುಡುಗ ಹೇಳಿದ ಹಾಗೆ ಕೇಳುತ್ತದೆ.

ನಾನು ಬಳಸಿದ್ದು ‘ಸೇರಿಸಿಕೊಳ್ಳಿ’, ‘ಮುಗಿಸಿಕೊಳ್ಳಿ’. ಈ ‘ಕೊಳ್ಳಿ’ ಬಂದ ಕೂಡಲೇ ಕೆಲಸ ಕಂಪನಿಯದಲ್ಲ, ಮಾಡುವವರದೇ ಎಂದಾಗುತ್ತದೆ. ‘ಮುಗಿಸಿ’ ಅಂದರೆ ಅಪ್ಪಣೆ, ‘ಮುಗಿಸಿಕೊಳ್ಳಿ’ ಅಂದರೆ ಕಾಳಜಿ. ನಾವು ಸಹಾಯ ಮಾಡುವ ಮಾತು ಬಂದಾಗ ‘ಮಾಡಿಕೊಡುತ್ತೇವೆ’. ಕೊಳ್ಳು, ಕೊಡು ಎರಡನ್ನೂ ಸರಿಯಾದ ಜಾಗದಲ್ಲಿ ಇಟ್ಟರೆ ಮೇಲ್‌ನ ಅರ್ಧ ವಿನಯ ತಾನಾಗಿಯೇ ಬಂದುಬಿಡುತ್ತದೆ. ಆದರೆ ಕಂಪನಿಗೆ ಬೇಕಾದ ಕೆಲಸಕ್ಕೆ ‘ಕೊಳ್ಳಿ’ ಹಚ್ಚಬಾರದು. ‘ಭಾನುವಾರ ಓಟಿ ಮಾಡಿಕೊಳ್ಳಿ’ ಅಂತ ಬರೆದರೆ ಓದಿದವರಿಗೆ ಸಿಟ್ಟು ಬರುತ್ತದೆ, ಬರಬೇಕಾದ್ದೇ.

‘ಜೆಂಟಲ್ ರಿಮೈಂಡರ್’ ಅನ್ನು ‘ಸೌಮ್ಯ ಜ್ಞಾಪನೆ’ ಅಂತ ಬರೆದದ್ದನ್ನು ನೋಡಿದ್ದೇನೆ. ಕನ್ನಡದಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ನಾವು ಮೊದಲೇ ಹೇಳಿದ್ದನ್ನು ಎತ್ತಿ, ಸುಮ್ನೆ ಮುಂದೆ ಹೋಗುತ್ತೇವೆ: ‘ಹೋದ ತಿಂಗಳು ತಿಳಿಸಿದ್ದೆವು, ಕೆಲವರದು ಇನ್ನೂ ಬಾಕಿ ಇದೆ.’ ಇಲ್ಲಿ ‘ಇನ್ನೂ ಮಾಡದವರು’ ಅಂತ ಬರೆಯದೆ ‘ಬಾಕಿ ಇರುವವರು’ ಅಂತ ಬರೆದೆ. ಮೊದಲನೆಯದು ಜನರ ಮೇಲೆ ಬೆರಳು ತೋರಿಸುತ್ತದೆ. ಎರಡನೆಯದರಲ್ಲಿ ಬಾಕಿ ಇರುವುದು ಕೆಲಸ.

ಇಡೀ ಮೇಲ್‌ನಲ್ಲಿ ನಾನು ಜಾಸ್ತಿ ಹೊತ್ತು ಕೂತದ್ದು ಸಾವಿನ ಸಾಲಿನ ಮೇಲೆ. ಇಂಗ್ಲಿಷಿನಲ್ಲಿ ‘ಇನ್ ದ ಇವೆಂಟ್ ಆಫ್ ಡೆತ್’ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, ಅದು ಫಾರ್ಮಿನ ಭಾಷೆ. ಅದನ್ನೇ ‘ನೀವು ಮರಣ ಹೊಂದಿದಲ್ಲಿ’ ಅಂತ ಬರೆದು ಗೇಟಿನ ಬಳಿ ಅಂಟಿಸಿದರೆ? ಬೆಳಿಗ್ಗೆ ಕೆಲಸಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. ‘ನಿಧನರಾದಲ್ಲಿ’ ಎಂದು ಗೌರವದ ಪದ ಹಾಕಿದರೂ ತೊಂದರೆ ಹೋಗುವುದಿಲ್ಲ. ಪದ ಸರಿಯಿದೆ, ‘ನೀವು’ ಸರಿಯಿಲ್ಲ. ಕೆಟ್ಟದ್ದನ್ನು ಎದುರಿಗಿರುವವರ ಮೇಲೆ ಹಾಕಿ ಮಾತಾಡುವುದು ನಮ್ಮಲ್ಲಿ ಇಲ್ಲ.

ಮಾತಿನಲ್ಲಾದರೆ ‘ನಾಳೆ ಏನಾದರೂ ಹೆಚ್ಚು ಕಡಿಮೆಯಾದರೆ’ ಅನ್ನುತ್ತೇವೆ. ಅದು ಎಲ್ಲರಿಗೂ ಅರ್ಥವಾಗುತ್ತದೆ, ಯಾರಿಗೂ ನೋವಾಗುವುದಿಲ್ಲ. ಆದರೆ ಸೂಚನೆಯಲ್ಲಿ ಅದೊಂದೇ ಸಾಲದು. ಅಪಘಾತ, ಕಾಯಿಲೆ, ಕೆಲಸ ಹೋಗುವುದು, ಎಲ್ಲವೂ ‘ಹೆಚ್ಚು ಕಡಿಮೆ’ಯೇ. ಯಾವಾಗ ನಾಮಿನಿಗೆ ಹಣ ಸಿಗುತ್ತದೆ ಎಂಬುದು ಮಸುಕಾಗಬಾರದು. ಹಾಗಾಗಿ ‘ನೀವು’ ತೆಗೆದು ಸಾಲನ್ನು ಮೂರನೆಯವರ ಕಡೆ ತಿರುಗಿಸಿದೆ: ‘ಪಿಎಫ್ ಸದಸ್ಯರೊಬ್ಬರು ತೀರಿಕೊಂಡರೆ’. ವಿಷಯ ಸ್ಪಷ್ಟ, ಮಾತು ಯಾರ ಮೇಲೂ ಇಲ್ಲ. ಎಚ್ಚರಿಕೆಯ ಸಾಲನ್ನೂ ಅದರ ಜೊತೆಗೇ ತಿರುಗಿಸಿದೆ. ಮೂಲದಲ್ಲಿ ‘ಮಾಡದಿದ್ದರೆ ಹೀಗಾಗುತ್ತದೆ’ ಎಂಬ ಬೆದರಿಕೆಯ ಧಾಟಿ ಇತ್ತು. ನಾನು ನಾಮಿನಿ ಇದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ಇಟ್ಟೆ, ಇಲ್ಲದಿದ್ದರೆ ಏನು ಎಂಬುದನ್ನು ಆಮೇಲೆ. ಸುದ್ದಿ ಅದೇ. ಪಿಎಫ್ ಜೊತೆಗೆ ಕುಟುಂಬ ಪಿಂಚಣಿ, ಇಡಿಎಲ್‌ಐ ವಿಮೆಯೂ ಇದೆ ಎಂಬುದು ಮೂಲದಲ್ಲಿ ಅಕ್ಷರಗಳ ಸಂಕ್ಷಿಪ್ತ ರೂಪದಲ್ಲಷ್ಟೇ ಇತ್ತು. ನಮ್ಮವರಿಗೆ ಅದನ್ನು ಬಿಡಿಸಿ ಹೇಳಿದೆ.

‘ಸ್ಪೌಸ್’ ಎಂಬಲ್ಲಿ ‘ಸಂಗಾತಿ’ ಬೇಡ ಅನ್ನಿಸಿತು, ‘ನಿಮ್ಮ ಹೆಂಡತಿ’ ಕಚೇರಿಯ ಮೇಲ್‌ಗೆ ಒರಟು. ‘ಮನೆಯವರು’ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ ತಾಯಿ ಎಲ್ಲರೂ ಬಂದರು. ‘ನಾಮನಿರ್ದೇಶಿತರು’ ಬದಲು ‘ನಾಮಿನಿ’ಯೇ ಇರಲಿ ಅಂತ ಬಿಟ್ಟೆ. ಪರದೆಯ ಮೇಲೆ ಕಾಣುವ ಹೆಸರುಗಳನ್ನಂತೂ ಮುಟ್ಟಲೇಬಾರದು. ವೆಬ್‌ಸೈಟಿನಲ್ಲಿ Manage ಅಂತ ಇರುವುದನ್ನು ನಾನು ‘ನಿರ್ವಹಣೆ’ ಅಂತ ಬರೆದರೆ ಅವರು ಎಲ್ಲಿ ಅಂತ ಹುಡುಕಬೇಕು?

‘ಇಒಡಿ’ಗೆ ಶಿಫ್ಟ್ ಇರುವ ಜಾಗದಲ್ಲಿ ಅರ್ಥವೇ ಇಲ್ಲ. ಮೂರನೇ ಶಿಫ್ಟಿನವರ ದಿನ ಮುಗಿಯುವುದು ಶನಿವಾರ ಬೆಳಿಗ್ಗೆ. ‘ಶುಕ್ರವಾರದ ಒಳಗೆ’ ಅಂದರೂ ಶುಕ್ರವಾರ ಸೇರಿತೋ ಇಲ್ಲವೋ ಎಂಬ ಗೊಂದಲ. ಗಂಟೆಯನ್ನೇ ಬರೆದೆ. ಕೊನೆಗೆ ಬಂದ ಕನ್ನಡ ಮೇಲ್ ಹೀಗಿತ್ತು:

‘ಎಲ್ಲರಿಗೂ ನಮಸ್ಕಾರ.

ಪಿಎಫ್ ಖಾತೆಗೆ ಆನ್‌ಲೈನ್‌ನಲ್ಲಿ ನಾಮಿನಿ ಹೆಸರು ಸೇರಿಸುವ ಬಗ್ಗೆ ಹೋದ ತಿಂಗಳು ತಿಳಿಸಿದ್ದೆವು. ಕೆಲವರದು ಇನ್ನೂ ಬಾಕಿ ಇದೆ. ಬಾಕಿ ಇರುವವರು ದಯವಿಟ್ಟು ಈ ಶುಕ್ರವಾರ ಸಂಜೆ 5 ಗಂಟೆಯೊಳಗೆ ಮುಗಿಸಿಕೊಳ್ಳಿ.

ಪಿಎಫ್ ಸದಸ್ಯರೊಬ್ಬರು ತೀರಿಕೊಂಡರೆ ಖಾತೆಯ ಹಣ, ಕುಟುಂಬ ಪಿಂಚಣಿ ಮತ್ತು ವಿಮೆಯ ಹಣ ಅವರ ಮನೆಯವರಿಗೆ ಸೇರಬೇಕು. ನಾಮಿನಿ ಹೆಸರು ಇದ್ದರೆ ಈ ಕೆಲಸ ಬೇಗ ಆಗುತ್ತದೆ. ಇಲ್ಲದಿದ್ದರೆ ಮನೆಯವರು ದಾಖಲೆಗಳಿಗಾಗಿ ಓಡಾಡಬೇಕಾಗುತ್ತದೆ.

ಪಿಎಫ್ ವೆಬ್‌ಸೈಟಿಗೆ ಲಾಗಿನ್ ಆಗಿ Manage ಕೆಳಗೆ E-Nomination ಒತ್ತಿ. ಮನೆಯವರ ಆಧಾರ್ ಸಂಖ್ಯೆ ಮತ್ತು ಫೋಟೊ ಬೇಕಾಗುತ್ತದೆ. ನಿಮ್ಮ ಆಧಾರ್‌ಗೆ ಜೋಡಿಸಿದ ಮೊಬೈಲ್ ಹತ್ತಿರವೇ ಇರಲಿ, ಕೊನೆಯಲ್ಲಿ e-Sign ಮಾಡುವಾಗ ಅದಕ್ಕೆ ಒಟಿಪಿ ಬರುತ್ತದೆ. ಮದುವೆಗೆ ಮುಂಚೆ ನಾಮಿನಿ ಸೇರಿಸಿದ್ದವರು, ಮದುವೆಯಾದ ಮೇಲೆ ಹೊಸದಾಗಿ ಮತ್ತೆ ಸೇರಿಸಬೇಕು.

ಏನಾದರೂ ತೊಂದರೆಯಾದರೆ ಎಚ್‌ಆರ್ ವಿಭಾಗಕ್ಕೆ ಬನ್ನಿ. ಜೊತೆಯಲ್ಲಿ ಕೂತು ಮಾಡಿಕೊಡುತ್ತೇವೆ.

ಧನ್ಯವಾದಗಳು.’

ಮದುವೆಯ ಸಾಲಿನಲ್ಲಿ ಮಾತ್ರ ‘ಸೇರಿಸಬೇಕು’ ಅಂತ ಬಿಗಿಯಾಗಿಯೇ ಬಿಟ್ಟಿದ್ದೇನೆ. ಅದು ಪಿಎಫ್ ನಿಯಮ. ಕುಟುಂಬ ಇಲ್ಲದಾಗ ಮಾಡಿದ ನಾಮಿನಿ, ಮದುವೆಯಾದ ಮೇಲೆ ನಿಲ್ಲುವುದಿಲ್ಲ. ಅಲ್ಲಿ ಮೆತ್ತಗೆ ಬರೆದರೆ ಐಚ್ಛಿಕ ಅಂತ ತಿಳಿದುಕೊಳ್ಳುತ್ತಾರೆ.

ಮೂಲದಲ್ಲಿ ಎಚ್‌ಆರ್‌ನ ಒಬ್ಬ ಮಹಿಳೆಯ ಬರಿ ಹೆಸರು ಇತ್ತು, ಆಮೇಲೆ ‘ಶಿ ವಿಲ್ ಹೆಲ್ಪ್ ಯು’ ಅಂತ. ನೋಟಿಸ್ ಬೋರ್ಡಿನಲ್ಲಿ ನಾನು ವಿಭಾಗದ ಹೆಸರಷ್ಟೇ ಇಟ್ಟೆ. ವಾಟ್ಸ್‌ಆ್ಯಪ್‌ನಲ್ಲಿ ಹೆಸರು ಹಾಕುವಾಗ ಜೊತೆಗೆ ‘ಅವರು’ ಸೇರಿಸಿ, ‘ಅವರನ್ನು ಭೇಟಿ ಮಾಡಿ, ಸಹಾಯ ಮಾಡುತ್ತಾರೆ’ ಅಂತ ಬರೆದೆ. ವಯಸ್ಸಿನಲ್ಲಿ ಎಷ್ಟೇ ಚಿಕ್ಕವರಿರಲಿ, ಬರಹದಲ್ಲಿ ‘ಅವಳು’, ‘ಅವನು’ ಬರಕೂಡದು.

ಇದೇ ವಿಷಯ ನಮ್ಮ ನೌಕರರ ಸಂಘದ ಅಧ್ಯಕ್ಷರಿಗೂ ಹೋಗಬೇಕಿತ್ತು. ಅವರಿಗೆ ಈ ಮೇಲ್ ಕಳಿಸಿದರೆ ಆಗುವುದಿಲ್ಲ. ಅಲ್ಲಿ ‘ಮಾನ್ಯರೇ’, ‘ವಿಷಯ:’ ಎಂಬ ಸಾಲು, ‘ನೀವು’ ಬದಲು ‘ತಾವು’. ‘ಬಾಕಿ ಇರುವವರ ಪಟ್ಟಿ ಲಗತ್ತಿಸಿದೆ. ಎಲ್ಲರೂ ಶುಕ್ರವಾರದ ಸಮಯಕ್ಕೆ ಮುಗಿಸಿಕೊಳ್ಳುವಂತೆ ತಾವೂ ತಿಳಿಸಿದರೆ ಅನುಕೂಲವಾಗುತ್ತದೆ’ ಅಂತ ಬರೆದೆ. ‘ತಿಳಿಸಿ’ ಅನ್ನುವುದಕ್ಕಿಂತ ‘ತಿಳಿಸಿದರೆ ಅನುಕೂಲ’ ಎಂಬುದರಲ್ಲಿ ಅವರಿಗೆ ಆಯ್ಕೆ ಇದೆ, ಅವರ ಸ್ಥಾನಕ್ಕೆ ಅದು ಸಲ್ಲಬೇಕು. ‘ತಾವು’ ಬಳಸುವಾಗ ಒಂದು ಅಪಾಯ ನೋಡಿಕೊಳ್ಳಬೇಕು. ‘ನೌಕರರು ತಮ್ಮ ಕಚೇರಿಗೆ ಬಂದರೆ’ ಅಂದರೆ ಯಾರ ಕಚೇರಿ, ಅಧ್ಯಕ್ಷರದೋ ನೌಕರರದೋ? ಎರಡು ‘ತಮ್ಮ’ ಡಿಕ್ಕಿ ಹೊಡೆಯುವ ಸಾಲಿನಲ್ಲಿ ‘ಸಂಘದ ಕಚೇರಿಗೆ’ ಅಂತ ಹೆಸರು ಹಿಡಿದೇ ಬರೆಯುತ್ತೇನೆ.

ಚಾರ್ಜ್‌ಶೀಟ್, ಅಮಾನತು ಪತ್ರ, ಕಾರ್ಖಾನೆಯ ಕೆಲಸದ ನಿಯಮಗಳಿರುವ ಸ್ಟ್ಯಾಂಡಿಂಗ್ ಆರ್ಡರ್‌ಗಳಿಗೆ ಈ ಬಗೆಯ ಸಡಿಲಿಕೆ ನಡೆಯುವುದಿಲ್ಲ. ಸ್ಟ್ಯಾಂಡಿಂಗ್ ಆರ್ಡರ್‌ಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಹಾಕಬೇಕು ಎಂದು 1946ರ ಕಾಯ್ದೆಯೇ ಹೇಳಿತ್ತು. ಅಲ್ಲಿ ಒಂದು ಷರತ್ತು ಹಿಂದೆ ಮುಂದೆ ಆದರೂ ಜಗಳಕ್ಕೆ ದಾರಿ. ಅಂಥವನ್ನು ನಾನು ಸಾಲಿಗೆ ಸಾಲು ಮಾಡಿ, ಕಾನೂನು ತಿಳಿದವರಿಗೆ ತೋರಿಸುತ್ತೇನೆ.

ಉಳಿದ ಮೇಲ್‌ಗಳನ್ನು ಕಳಿಸುವ ಮುಂಚೆ ಒಬ್ಬ ಲೈನ್ ಸೂಪರ್‌ವೈಸರ್ ಕೈಗೆ ಕೊಟ್ಟು ಜೋರಾಗಿ ಓದಿಸುತ್ತೇನೆ. ಓದುತ್ತಾ ಅವರು ಎಲ್ಲಾದರೂ ನಿಂತು ‘ಅಂದರೆ’ ಅಂತ ತಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರೆ, ಆ ಸಾಲು ಇನ್ನೂ ಕನ್ನಡವಾಗಿಲ್ಲ ಅಂತ. ಅವರು ಬಿಡಿಸಿ ಹೇಳಿದ್ದನ್ನೇ ಬರೆದುಕೊಂಡು, ಕ್ರಿಯಾಪದವನ್ನು ಬರಹದ ರೂಪಕ್ಕೆ ತಂದು ಸಾಲನ್ನು ಬದಲಿಸುತ್ತೇನೆ. ‘ಜೊತೆಯಲ್ಲಿ ಕೂತು ಮಾಡಿಕೊಡುತ್ತೇವೆ’ ಬಂದದ್ದು ಹಾಗೆಯೇ.