ಬೇರೆಯವರ ಅಂಕಿ, ನಮ್ಮ ಫಲಕ: ಮೂಲವನ್ನು ಹೆಸರಿಸುವುದು ಹೇಗೆ?

ನರಕ ಚತುರ್ದಶಿಯ ಬೆಳಿಗ್ಗೆ ಪುಣೆಯ ಕೋಥರೂಡಿನಲ್ಲಿರುವ ಗೆಳೆಯರ ವಸತಿ ಸಂಕೀರ್ಣಕ್ಕೆ ಫರಾಳಕ್ಕೆಂದು ಹೋಗಿದ್ದೆ. ಪಟಾಕಿಯ ಹೊಗೆಯಲ್ಲಿ ಎದುರಿನ ಕಟ್ಟಡವೇ ಮಸುಕಾಗಿತ್ತು. ಲಿಫ್ಟಿನ ಪಕ್ಕದ ಪರದೆ ಮಾತ್ರ ಹಸಿರು ಬಣ್ಣದಲ್ಲಿ ‘ಗಾಳಿ: ತೃಪ್ತಿಕರ’ ಎನ್ನುತ್ತಿತ್ತು. ಅದರ ಕೆಳಗೆ ‘ಮೂಲ: ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ. ನವೀಕರಣ: ಇಂದು ಬೆಳಿಗ್ಗೆ 7.10’ ಎಂಬ ಸಾಲು. ಧಾರವಾಡದಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಕೆಮ್ಮುತ್ತ, “ಈ ಮಂಡಳಿಯವರಿಗೆ ಮೂಗಿಲ್ಲವೇನಪ್ಪಾ?” ಎಂದು ಕೇಳಿದರು.

ಮಂಡಳಿ ಅಂಥದ್ದೇನನ್ನೂ ಹೇಳಿರಲಿಲ್ಲ. ಆ ಅಂಕಿ ಮೂರು ದಿನ ಹಳೆಯದು. ಪರದೆಯ ಹಿಂದಿನ ಪ್ರೋಗ್ರಾಂ ಹತ್ತು ನಿಮಿಷಕ್ಕೊಮ್ಮೆ ದತ್ತಾಂಶ ಕೇಳುತ್ತಿತ್ತು, ಪ್ರತಿ ಸಲವೂ ಅದೇ ಹಳೆಯ ಸಾಲು ಬರುತ್ತಿತ್ತು. ಕೇಳಿದ ಹೊತ್ತನ್ನೇ ‘ನವೀಕರಣ’ ಎಂದು ಬರೆದದ್ದು ಫಲಕ ಮಾಡಿದವರು. ಮೂಲದ ಹೆಸರನ್ನು ಹಾಕಿಬಿಟ್ಟರೆ ಪರವಾನಗಿಯ ಕೆಲಸ ಮುಗಿಯಿತು ಎಂದುಕೊಂಡವರ ಫಲಕಗಳು ಹೆಚ್ಚಾಗಿ ಹೀಗೇ ಕೆಡುತ್ತವೆ. ಆದ್ದರಿಂದ ಇದೇ ಗಾಳಿಯ ಫಲಕವನ್ನು ಇಟ್ಟುಕೊಂಡು ಕ್ರಮವಾಗಿ ನೋಡೋಣ.

ಮೊದಲು ಪರವಾನಗಿ

ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣವಾದ data.gov.inನಲ್ಲಿ ನಿಮಗೆ ಬೇಕಾದ ದತ್ತಾಂಶದ ಪುಟಕ್ಕೇ ಹೋಗಿ ಪರವಾನಗಿಯನ್ನು ಓದಿ, ಆ ಪುಟದ ಒಂದು ಪ್ರತಿಯನ್ನು ದಿನಾಂಕದೊಂದಿಗೆ ಉಳಿಸಿಕೊಳ್ಳಿ. ಇಲ್ಲಿ ಅನ್ವಯಿಸುವುದು 2017ರಲ್ಲಿ ಅಧಿಸೂಚಿಸಿದ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ. ಅದು ಉದಾರವಾದದ್ದು: ವಾಣಿಜ್ಯ ಬಳಕೆಗೂ ಅಡ್ಡಿಯಿಲ್ಲ, ಮಾರ್ಪಡಿಸಿ ಮರುಪ್ರಕಟಿಸಬಹುದು. ಬದಲಿಗೆ ಕೇಳುವುದು ಇಷ್ಟು: ಕೊಟ್ಟವರು ಯಾರು, ಎಲ್ಲಿಂದ ಬಂತು, ಯಾವ ಪರವಾನಗಿ ಎಂಬುದನ್ನು ಕೊಂಡಿಯ ಸಮೇತ ಹೇಳಬೇಕು, ಕೊಟ್ಟವರು ನಿಮ್ಮ ಫಲಕವನ್ನು ಅನುಮೋದಿಸಿದ್ದಾರೆ ಎಂಬ ಭಾವನೆ ಬರಿಸಬಾರದು. ದತ್ತಾಂಶ ನಿರಂತರವಾಗಿ ಬರುತ್ತಿರುತ್ತದೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ಕೋಥರೂಡಿನ ಪರದೆ ಎಡವಿದ್ದು ಈ ಕೊನೆಯ ಮಾತನ್ನು ಓದದೆ.

ಗಾಳಿಯ ಅಂಕಿ ತೋರಿಸುವ ಖಾಸಗಿ ತಾಣಗಳ ಸಿದ್ಧ ಪೆಟ್ಟಿಗೆಯನ್ನು ತಮ್ಮ ಫಲಕಕ್ಕೆ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ. ನಾನು ಅದನ್ನು ಬೇಡವೆಂದೇ ಹೇಳುತ್ತೇನೆ. ಅಲ್ಲಿ ನಡೆಯುವುದು ಆ ತಾಣದ ಷರತ್ತು, ಸರ್ಕಾರಿ ಪರವಾನಗಿಯಲ್ಲ. ಜೊತೆಗೆ ಕೆಲವು ತಾಣಗಳು ಅಮೆರಿಕದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ಲೆಕ್ಕ ಹಾಕುತ್ತವೆ, ಕೆಳಗೆ ನಮ್ಮ ಮಂಡಳಿಯ ಹೆಸರಿರುತ್ತದೆ.

ಯಾರ ಹೆಸರು ಹಾಕಬೇಕು?

ಒಂದೇ ಹೆಸರು ಸಾಲದು. ದತ್ತಾಂಶವನ್ನು ಕೊಟ್ಟದ್ದು ಕೇಂದ್ರೀಯ ಮಂಡಳಿ. data.gov.in ಅದನ್ನಿಟ್ಟ ಕಣಜ ಮಾತ್ರ. ಅಳೆದವರು ಬೇರೆಯೇ ಇರಬಹುದು. ತಾಣದಿಂದ ಬರುವ ದತ್ತಾಂಶದ ಸಾಲನ್ನು ನೋಡಿ:

```
"station": "Karve Road, Pune - MPCB",
"last_update": "05-11-2025 09:00:00",
"pollutant_id": "PM2.5"
```

ಮಾಪನ ಕೇಂದ್ರದ ಹೆಸರಿನ ಬಾಲದಲ್ಲಿರುವ ನಾಲ್ಕು ಅಕ್ಷರಗಳು ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯವು. ಪುಣೆಯ ಹಲವು ಕೇಂದ್ರಗಳ ಬಾಲದಲ್ಲಿ `IITM` ಎಂದಿರುತ್ತದೆ. ಅದು ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ. ಪರದೆ ಅಚ್ಚುಕಟ್ಟಾಗಿ ಕಾಣಲೆಂದು ‘ಕರ್ವೆ ರಸ್ತೆ’ ಎಂದಷ್ಟೇ ಉಳಿಸಿ ಈ ಬಾಲವನ್ನು ಕತ್ತರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಅಳೆದವರ ಗುರುತು ಇರುವುದೇ ಆ ಬಾಲದಲ್ಲಿ. ದೊಡ್ಡ ಅಕ್ಷರದಲ್ಲಿ ಬೇಡವಾದರೆ ಮೂಲದ ಸಾಲಿನಲ್ಲಾದರೂ ಇರಲಿ. ಮಂಡಳಿಯ ಲಾಂಛನವನ್ನು ಹಾಕಬೇಡಿ, ಪರವಾನಗಿ ಲಾಂಛನಗಳನ್ನು ಹೊರಗಿಟ್ಟಿದೆ.

ದಿನಾಂಕ: ಎಲ್ಲರೂ ಎಡವುವ ಜಾಗ

ಒಮ್ಮೆ ಮುದ್ರಿಸಿ ಮುಗಿಸುವ ವರದಿಗೆ ಮೂಲದ ಸಾಲನ್ನು ಕೈಯಿಂದ ಬರೆದರೆ ಸಾಕು. ಗಂಟೆಗಂಟೆಗೆ ಬದಲಾಗುವ ಫಲಕದಲ್ಲಿ ಅಂಕಿಯ ಜೊತೆಗೆ ಆ ಸಾಲೂ ಬದಲಾಗಬೇಕು, ಏಕೆಂದರೆ ದಿನಾಂಕ ಅದರ ಒಂದು ಭಾಗ. ‘ಮಂಡಳಿ ಹೀಗೆ ಹೇಳಿದೆ’ ಎಂದರೆ ಸಾಲದು, ಯಾವಾಗ ಹೇಳಿತು ಎಂಬುದೂ ಬೇಕು.

ಇಲ್ಲಿ ಮೂರು ಸಮಯಗಳು ಕೈಗೆ ಸಿಗುತ್ತವೆ. ಕೇಂದ್ರವು ಅಂಕಿ ಕೊಟ್ಟ ಹೊತ್ತು, ಅಂದರೆ `last_update`. ತಾಣದ ಕಡತ ಬದಲಾದ ಹೊತ್ತು, ತಾಣ ಕಳಿಸುವ ಉತ್ತರದ ಮೇಲ್ಭಾಗದಲ್ಲಿರುವ `updated_date`. ಮೂರನೆಯದು ನಿಮ್ಮ ಪ್ರೋಗ್ರಾಂ ಕೇಳಿದ ಹೊತ್ತು. ಮೂಲದ ಸಾಲಿಗೆ ಸೇರಬೇಕಾದದ್ದು ಮೊದಲನೆಯದು ಮಾತ್ರ. ಮೂರನೆಯದನ್ನು ತೋರಿಸಲೇಬೇಕೆಂದರೆ ‘ನಾವು ನೋಡಿದ್ದು’ ಎಂದು ಬೇರೆಯಾಗಿ ಬರೆಯಿರಿ. ಒಂದೊಂದು ಕೇಂದ್ರದ ಹೊತ್ತು ಒಂದೊಂದಿರಬಹುದು, ಹಾಗಾಗಿ ಇಡೀ ಪರದೆಗೆ ಒಂದೇ ದಿನಾಂಕ ಹಾಕಬೇಡಿ. ಅಂಕಿ ಉಳಿಸುವ ಕೋಷ್ಟಕದ ಅದೇ ಸಾಲಿನಲ್ಲಿ ಕೇಂದ್ರದ ಪೂರ್ಣ ಹೆಸರು, ಅದರ ಹೊತ್ತು ಮತ್ತು ಪರವಾನಗಿಯ ಕೊಂಡಿಯನ್ನೂ ಉಳಿಸಿ, ಪರದೆಯ ಸಾಲನ್ನು ಅಲ್ಲಿಂದಲೇ ಕಟ್ಟಿ.

ಮೇಲಿನ ತುಣುಕಿನ ದಿನಾಂಕವನ್ನು ಇನ್ನೊಮ್ಮೆ ನೋಡಿ. ಅದು ನವೆಂಬರ್ 5. ತಿಂಗಳನ್ನು ಮೊದಲು ಓದುವ ಪ್ರೋಗ್ರಾಂಗಳಿಗೆ ಅದು ಮೇ 11. ಪ್ರತಿ ತಿಂಗಳ ಮೊದಲ 12 ದಿನ ಈ ಎಡವಟ್ಟು ಸದ್ದಿಲ್ಲದೆ ನಡೆಯುತ್ತದೆ, ಹಲವು ಪ್ರೋಗ್ರಾಂಗಳಲ್ಲಿ 13ರಂದು ತಾನೇ ಸರಿಹೋದಂತೆ ಕಾಣುತ್ತದೆ. ಊಹೆಗೆ ಬಿಡದೆ ಕ್ರಮವನ್ನು ನೀವೇ ಹೇಳಿಕೊಡಿ: `%d-%m-%Y %H:%M:%S`. ಆ ಅಕ್ಷರಗಳಲ್ಲಿ ಕಾಲವಲಯವೂ ಇಲ್ಲ, ಅದು ಭಾರತೀಯ ಕಾಲಮಾನ. ಸರ್ವರ್ ಅದನ್ನು ಗ್ರೀನಿಚ್ ಕಾಲವೆಂದು ತಿಳಿದರೆ ಐದೂವರೆ ಗಂಟೆ ಸೇರಿಕೊಂಡು, ಇನ್ನೂ ಬಾರದ ಮಧ್ಯಾಹ್ನದ ಗಾಳಿಯನ್ನು ಬೆಳಿಗ್ಗೆಯೇ ತೋರಿಸುತ್ತದೆ.

ಹರಿವು ನಿಂತಾಗ ಏನು ಮಾಡುವುದು? ಮೂರು ಗಂಟೆಗಿಂತ ಹಳೆಯ ಅಂಕಿಯ ಬಣ್ಣವನ್ನು ತೆಗೆದು ಬೂದು ಮಾಡುವುದು ನನ್ನ ಪದ್ಧತಿ. ಒಂದು ದಿನ ದಾಟಿದರೆ ಅಂಕಿಯನ್ನೇ ತೆಗೆದು ‘ಮೂಲದಿಂದ ದತ್ತಾಂಶ ಬಂದಿಲ್ಲ’ ಎಂದು ಬರೆಯುತ್ತೇನೆ. ಸಮಿತಿಯವರು ಪರದೆ ಖಾಲಿ ಕಾಣುತ್ತದೆ ಎಂದು ಗೊಣಗುತ್ತಾರೆ, ಗೊಣಗಲಿ.

ಎಲ್ಲ ಸೇರಿದಾಗ ಸಾಲು ಹೀಗಿರುತ್ತದೆ:

‘ಕರ್ವೆ ರಸ್ತೆ ಕೇಂದ್ರ (ಮಾಪನ: ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ). ದತ್ತಾಂಶ: ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿ, data.gov.in ಮೂಲಕ, 05-11-2025, ಬೆಳಿಗ್ಗೆ 9.00. ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ – ಭಾರತ.’

ದತ್ತಾಂಶದ ಪುಟಕ್ಕೂ ಪರವಾನಗಿಯ ಪುಟಕ್ಕೂ ಕೊಂಡಿ ಇರಲಿ. ಲಿಫ್ಟಿನ ಪಕ್ಕದ ಪರದೆಯಲ್ಲಿ ಕೊಂಡಿ ಒತ್ತಲು ಬರುವುದಿಲ್ಲ, ಅಲ್ಲಿ ಕ್ಯೂಆರ್ ಕೋಡ್ ಹಾಕಿ. ಮೂಲಗಳು ಹೆಚ್ಚಾಗಿ ಜಾಗ ಸಾಲದಿದ್ದರೆ ಬೇರೆ ಪುಟದಲ್ಲಿ ಪಟ್ಟಿ ಮಾಡಿ ಅಲ್ಲಿಗೆ ಕೊಂಡಿ ಕೊಡಲು ಪರವಾನಗಿಯೇ ಒಪ್ಪುತ್ತದೆ.

ನಮ್ಮ ಲೆಕ್ಕ, ನಮ್ಮ ಹೆಸರು

ಏಳೆಂಟು ಕೇಂದ್ರಗಳ ಅಂಕಿ ಕೂಡಿಸಿ ಭಾಗಿಸಿ ‘ಪುಣೆಯ ಗಾಳಿ’ ಎಂದು ಒಂದೇ ಸಂಖ್ಯೆ ತೋರಿಸಿದರೆ ಆ ಸಂಖ್ಯೆ ನಿಮ್ಮದು. ಅದರ ಕೆಳಗೆ ಬರೀ ‘ಮೂಲ: ಮಂಡಳಿ’ ಎಂದರೆ ಮಂಡಳಿಯ ಬಾಯಿಯಿಂದ ನಿಮ್ಮ ಮಾತನ್ನು ಆಡಿಸಿದಂತೆ. ‘ಮಂಡಳಿಯ ದತ್ತಾಂಶದಿಂದ ನಾವು ಲೆಕ್ಕ ಹಾಕಿದ ಸರಾಸರಿ’ ಎಂದು ಬರೆಯಿರಿ, ಎಷ್ಟು ಕೇಂದ್ರಗಳದ್ದು ಎಂಬುದನ್ನೂ ಸೇರಿಸಿ. ಐದೇ ಕೇಂದ್ರ ಮಾತನಾಡಿದ ದಿನ ಐದು ಎಂದೇ ಇರಬೇಕು.

ಹಿಂದಿನ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನದಾದರೆ ಅದರ ಪರವಾನಗಿಯೇ ಬೇರೆ. ನಕ್ಷೆಯ ಮೂಲೆಯಲ್ಲಿ `© OpenStreetMap contributors` ಉಳಿಯಲಿ, ಬಣ್ಣಕ್ಕೆ ಹೊಂದುವುದಿಲ್ಲವೆಂದು ಅಳಿಸಬೇಡಿ.

ಡೌನ್‌ಲೋಡ್ ಗುಂಡಿ ಕೊಟ್ಟಿದ್ದರೆ ಕಡತದೊಳಗೂ ಮೂಲ, ಹೊತ್ತು, ಪರವಾನಗಿಯ ಅಂಕಣಗಳಿರಲಿ. ಕಡತ ನಿಮ್ಮ ಪುಟ ಬಿಟ್ಟು ಹೋದ ಮೇಲೆ ಪುಟದ ಕೆಳಗಿನ ಸಾಲು ಅದರ ಜೊತೆ ಹೋಗುವುದಿಲ್ಲ. ಪುಟದ ಬುಡದಲ್ಲಿ ಅಭ್ಯಾಸಬಲದಿಂದ ಬೀಳುವ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂಬುದನ್ನು ತೆಗೆಯಿರಿ.

ತೆರೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಇಂದು ಬಂದ ಉತ್ತರವನ್ನು ಕಡತದಲ್ಲಿ ಉಳಿಸಿಟ್ಟು, ನಾಡಿದ್ದು ಅದನ್ನೇ ಪ್ರೋಗ್ರಾಂಗೆ ಉಣಿಸಿ. ಪರದೆ ಮೊನ್ನೆಯ ದಿನಾಂಕ ಹೇಳಿ ಅಂಕಿಯನ್ನು ತೆಗೆದಿದ್ದರೆ ಸರಿ. ‘ಇಂದು ಬೆಳಿಗ್ಗೆ’ ಎಂದು ಹಸಿರಾಗಿ ನಕ್ಕರೆ, ನಿಮ್ಮ ಮೂಲದ ಸಾಲು ಅಂಕಿಗೆ ಕಟ್ಟಿಕೊಂಡಿಲ್ಲ, ಗಡಿಯಾರಕ್ಕೆ ಕಟ್ಟಿಕೊಂಡಿದೆ.