ಸರ್ಕಾರಿ ನೌಕರಿಯೋ, ಖಾಸಗಿ ಆಫರೋ: ತೂಗುವ ಮೊದಲು ಹಾಕಬೇಕಾದ ಲೆಕ್ಕ

ರಾಜ್ಯ ಸರ್ಕಾರದ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ ಹುದ್ದೆಯ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿದೆ, ಅದೇ ಹೊತ್ತಿಗೆ ಬೆಂಗಳೂರಿನ ಕಂಪನಿಯೊಂದರಿಂದ ವರ್ಷಕ್ಕೆ 9 ಲಕ್ಷದ ಆಫರ್ ಲೆಟರ್ ಕೂಡ ಬಂದಿದೆ ಅಂದುಕೊಳ್ಳಿ. ಮನೆಯಲ್ಲಿ ಚರ್ಚೆ ಶುರುವಾಗುವುದು ಒಂದೇ ರೀತಿ: "ಅಲ್ಲಿ ತಿಂಗಳಿಗೆ 75 ಸಾವಿರ, ಇಲ್ಲಿ 44 ಸಾವಿರ." ಹತ್ತು ನಿಮಿಷದಲ್ಲಿ ತೀರ್ಮಾನವೂ ಆಗಿಬಿಡುತ್ತದೆ. ಆದರೆ ಈ ಎರಡು ಅಂಕಿಗಳಲ್ಲಿ ಯಾವುದೂ ಬ್ಯಾಂಕ್ ಖಾತೆಗೆ ಬರುವ ಹಣವಲ್ಲ. ಸುಮಾರು ಜನ ಎಡವುವುದು ಇಲ್ಲೇ.

1. ಕಾಗದ ಜೋಡಿಸಿಕೊಳ್ಳಿ

ನೇಮಕಾತಿ ಅಧಿಸೂಚನೆ ಮತ್ತು ಕಂಪನಿಯ ಆಫರ್ ಲೆಟರ್ ಜೊತೆಗೆ ಸಂಬಳದ ವಿವರದ ಹಾಳೆ ಬೇಕು. ಆ ಹಾಳೆ ಕೊಟ್ಟಿಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಮಾಡಿ ತರಿಸಿಕೊಳ್ಳಿ.

2. ಎರಡನ್ನೂ ಕೈಗೆ ಬರುವ ಹಣಕ್ಕೆ ಇಳಿಸಿ

ಮೊದಲು ಕಂಪನಿಯದು. 9 ಲಕ್ಷ ಅನ್ನುವುದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ಉದಾಹರಣೆಗೆ ಅದರಲ್ಲಿ 90 ಸಾವಿರ ವೇರಿಯಬಲ್ ಪೇ ಇದೆ ಎಂದಿಟ್ಟುಕೊಳ್ಳಿ. ವರ್ಷದ ಕೊನೆಗೆ ಅದು ಪೂರ್ತಿ ಬರಬಹುದು, ಅರ್ಧ ಬರಬಹುದು, ಬಾರದೆಯೂ ಇರಬಹುದು. ಹಾಗಾಗಿ ಮನೆಖರ್ಚಿನ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ. ಮೂಲವೇತನ ತಿಂಗಳಿಗೆ 30 ಸಾವಿರವಾದರೆ ಕಂಪನಿ ಕಟ್ಟುವ 12% ಪಿಎಫ್ ವರ್ಷಕ್ಕೆ 43,200 ರೂಪಾಯಿ. ಗ್ರಾಚ್ಯುಟಿಗೆಂದು ಮೂಲವೇತನದ 4.81% ತೋರಿಸಿದರೆ ಇನ್ನೊಂದು 17,316 ಹೋಯಿತು. ಕಾಯಂ ನೌಕರರಿಗೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಬೇಕು. ಎರಡು ವರ್ಷಕ್ಕೇ ಕಂಪನಿ ಬದಲಿಸುವವರಿಗೆ ಅದು ಕಾಗದದ ಮೇಲಿನ ದುಡ್ಡು. ಗುಂಪು ಆರೋಗ್ಯ ವಿಮೆಯ ಕಂತು 12 ಸಾವಿರವನ್ನೂ ಇದರಲ್ಲೇ ಸೇರಿಸಿದ್ದರೆ ಅದನ್ನೂ ಕಳೆಯಿರಿ. ಉಳಿಯುವುದು ತಿಂಗಳಿಗೆ ಸುಮಾರು 61,450. ಅದರಿಂದ ನಿಮ್ಮ ಪಾಲಿನ ಪಿಎಫ್ 3,600 ಮತ್ತು ವೃತ್ತಿ ತೆರಿಗೆ 200 ಹೋದರೆ 57,650 ಆಸುಪಾಸು. 75 ಸಾವಿರ ಇಲ್ಲಿಗೆ ಬಂದು ನಿಂತಿತು.

ಈಗ ಎಫ್‌ಡಿಎ. ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ ಈ ಹುದ್ದೆಯ ಆರಂಭಿಕ ಮೂಲವೇತನ 44,425. ಇದರ ಮೇಲೆ ತುಟ್ಟಿಭತ್ಯೆ ಬರುತ್ತದೆ. 2025ರ ಜನವರಿಯಿಂದ ಅನ್ವಯವಾದ 12.25% ಹಿಡಿದರೆ 5,442. ನೀವು ಲೆಕ್ಕ ಹಾಕುವಾಗ ಆಗಿನ ದರ ಹಾಕಿಕೊಳ್ಳಿ. ಮನೆ ಬಾಡಿಗೆ ಭತ್ಯೆ ಊರಿನ ಮೇಲೆ ನಿಂತಿದೆ. ಬೆಂಗಳೂರಾದರೆ 20%, ಸಣ್ಣ ತಾಲ್ಲೂಕು ಕೇಂದ್ರವಾದರೆ 7.5%, ಅಂದರೆ 3,332. ಒಟ್ಟು 53,199. ಅದರಿಂದ ಎನ್‌ಪಿಎಸ್ ಎಂಬ ಪಿಂಚಣಿ ಯೋಜನೆಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ 10%, ಅಂದರೆ 4,987 ಕಡಿತ. ವೃತ್ತಿ ತೆರಿಗೆಯೂ ಹೋದರೆ 48 ಸಾವಿರ. ಇದರಲ್ಲಿ ಕೆಜಿಐಡಿ ವಿಮೆಯ ಕಡ್ಡಾಯ ಕಂತು ಇನ್ನೂ ಕಡಿತವಾಗಬೇಕು.

31 ಸಾವಿರ ಎಂದು ಕಾಣುತ್ತಿದ್ದ ಅಂತರ, ಕೆಜಿಐಡಿ ಕಂತಿಗೆ ಮುಂಚೆ, ಸುಮಾರು 9,600ಕ್ಕೆ ಇಳಿಯಿತು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಈ ಎರಡೂ ಸಂಬಳಗಳಿಗೆ ಆದಾಯ ತೆರಿಗೆ ಬೀಳುವುದಿಲ್ಲ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಇನ್ನು ಬೆಂಗಳೂರಿನ ಬಾಡಿಗೆಯನ್ನೂ ಪೋಸ್ಟಿಂಗ್ ಆಗುವ ಊರಿನ ಬಾಡಿಗೆಯನ್ನೂ ನಿಮ್ಮ ನಿಮ್ಮ ಲೆಕ್ಕದಲ್ಲಿ ಕಳೆಯಿರಿ. ಆನ್‌ಲೈನ್ ಸಿಟಿಸಿ ಕ್ಯಾಲ್ಕುಲೇಟರ್‌ಗಳನ್ನು ನಂಬಬೇಡಿ. ಅವಕ್ಕೆ ನಿಮ್ಮ ಕಂಪನಿಯ ಹಾಳೆ ಗೊತ್ತಿರುವುದಿಲ್ಲ, ಅಂದಾಜಿನ ಮೇಲೆ ಅಂಕಿ ಕೊಡುತ್ತವೆ.

3. ಕಡಿತವಾದ ಹಣ ಎಲ್ಲಿಗೆ ಹೋಯಿತು, ನೋಡಿ

"ಸರ್ಕಾರಿ ಅಂದ್ರೆ ಪೆನ್ಶನ್ ಇದೆ" ಎಂಬ ಮಾತು ಈಗ ಅರ್ಧ ಮಾತ್ರ ನಿಜ. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ಎನ್‌ಪಿಎಸ್‌ಗೆ ಬರುತ್ತಾರೆ. ಅಪ್ಪನಿಗೆ ಬರುತ್ತಿರುವ ನಿಗದಿತ ಪಿಂಚಣಿಯನ್ನು ಮಗನ ಲೆಕ್ಕಕ್ಕೆ ಬರೆಯಬೇಡಿ. ಎನ್‌ಪಿಎಸ್‌ನಲ್ಲಿ ಕೈಗೆ ಎಷ್ಟು ಬರುತ್ತದೆ ಎನ್ನುವುದು ಮಾರುಕಟ್ಟೆಯ ಮೇಲೆ ನಿಂತಿದೆ. ಹಾಗೆಂದು ಅದು ಸಣ್ಣದೇನಲ್ಲ. ನಿಮ್ಮ 10% ಜೊತೆಗೆ ಸರ್ಕಾರ 14% ಹಾಕುತ್ತದೆ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ ಸುಮಾರು 12 ಸಾವಿರ ಜಮೆಯಾಗುತ್ತದೆ; ಕಂಪನಿಯ ಪಿಎಫ್‌ನಲ್ಲಿ ಎರಡೂ ಪಾಲು ಸೇರಿ 7,200. ಅಂದರೆ ಕೈಗೆ ಬರುವುದರಲ್ಲಿ ಕಂಪನಿ ಮುಂದೆ, ಕೂಡಿಡುವುದರಲ್ಲಿ ಸರ್ಕಾರ ಮುಂದೆ. ಪಿಎಫ್‌ಗಿರುವ ಅನುಕೂಲ ಎಂದರೆ ಮನೆ, ಮದುವೆ, ಕಾಯಿಲೆ ಎಂದು ನಡುವೆ ತೆಗೆಯುವುದು ಸುಲಭ. ಎನ್‌ಪಿಎಸ್ ಹಣದ ದೊಡ್ಡ ಭಾಗ ನಿವೃತ್ತಿಯವರೆಗೆ ಬೀಗದಲ್ಲೇ ಇರುತ್ತದೆ.

4. ಹತ್ತನೇ ವರ್ಷದ ಬಗ್ಗೆ ಒಳಗಿನವರನ್ನೇ ಕೇಳಿ

ಕಂಪನಿಯಲ್ಲಿ ಐದಾರು ವರ್ಷ ಕಳೆದವರನ್ನು ಹುಡುಕಿ, ಅವರ ಫಿಕ್ಸೆಡ್ ಸಂಬಳ ಈಗ ಎಷ್ಟು, ಹಿಂದಿನ ಸಲ ಜನರನ್ನು ತೆಗೆದಾಗ ಯಾವ ತಂಡ ಹೋಯಿತು ಎಂದು ಕೇಳಿ. ಕೆಲಸ ಕಲಿತು ಕಂಪನಿ ಬದಲಿಸುವವರಿಗೆ ಸಂಬಳ ಜಿಗಿಯುವ ವೇಗವನ್ನು ಸರ್ಕಾರದ ವಾರ್ಷಿಕ ವೇತನ ಬಡ್ತಿ ಮುಟ್ಟಲಾರದು, ಇದನ್ನು ಒಪ್ಪಿಕೊಳ್ಳಲೇಬೇಕು. ಇಲಾಖೆಯಲ್ಲಿ ಕೇಳಬೇಕಾದ್ದು ಬೇರೆ: ಜ್ಯೇಷ್ಠತಾ ಪಟ್ಟಿಯಲ್ಲಿ ಮುಂದೆ ಎಷ್ಟು ಜನ ಇದ್ದಾರೆ, ಈಗಿನ ಸೂಪರಿಂಟೆಂಡೆಂಟ್ ಎಫ್‌ಡಿಎ ಆಗಿ ಎಷ್ಟು ವರ್ಷ ಕೂತಿದ್ದರು. ಇಲಾಖೆಯಿಂದ ಇಲಾಖೆಗೆ ಇದು ವಿಪರೀತ ಬದಲಾಗುತ್ತದೆ. ಪ್ರೊಬೇಷನ್ ಅವಧಿ, ಪಾಸು ಮಾಡಬೇಕಾದ ಇಲಾಖಾ ಪರೀಕ್ಷೆಗಳನ್ನೂ ಕೇಳಿಕೊಳ್ಳಿ. ಸಂವಿಧಾನದ 371(ಜೆ) ವಿಧಿಯ ಅಡಿಯ ಸ್ಥಳೀಯ ವೃಂದದಲ್ಲಿ ಆಯ್ಕೆಯಾಗಿದ್ದರೆ ಪೋಸ್ಟಿಂಗ್ ಕಲ್ಯಾಣ ಕರ್ನಾಟಕದಲ್ಲೇ ಎಂದು ತಿಳಿದುಕೊಂಡೇ ಮುಂದುವರಿಯಿರಿ.

5. ಪಟ್ಟಿಯನ್ನು ನೌಕರಿ ಎಂದುಕೊಳ್ಳಬೇಡಿ

ತಾತ್ಕಾಲಿಕ ಆಯ್ಕೆಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ಪೊಲೀಸ್ ಪರಿಶೀಲನೆ, ಜಾತಿ ಸಿಂಧುತ್ವ ಪ್ರಮಾಣಪತ್ರ ಇವೆಲ್ಲ ಮುಗಿದ ಮೇಲೆ ನೇಮಕಾತಿ ಆದೇಶ. ನಡುವೆ ಯಾರಾದರೂ ಆಡಳಿತ ನ್ಯಾಯಮಂಡಳಿಯಾದ ಕೆಎಟಿಗೆ ಹೋದರೆ ಎಲ್ಲವೂ ಅಲ್ಲೇ ನಿಲ್ಲಬಹುದು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು ತಾತ್ಕಾಲಿಕ ಪಟ್ಟಿಯೂ ಬಂದಿತ್ತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಅಷ್ಟು ಕಾಲ ಕಾದರು. 2011ರ ಕೆಪಿಎಸ್‌ಸಿ ಗೆಜೆಟೆಡ್ ಪ್ರೊಬೇಷನರ್‌ಗಳ 362 ಮಂದಿಯ ನೇಮಕಕ್ಕೆ ದಾರಿ ತೆರೆಯಲು 2022ರಲ್ಲಿ ಕಾನೂನನ್ನೇ ತರಬೇಕಾಯಿತು.

ಹಾಗಾಗಿ ನನ್ನ ಸಲಹೆ ಸ್ಪಷ್ಟ: ಕೈಯಲ್ಲಿ ನೇಮಕಾತಿ ಆದೇಶ ಇಲ್ಲದಿದ್ದರೆ ಖಾಸಗಿ ಕೆಲಸಕ್ಕೆ ಸೇರಿ. ಮನೆಯಲ್ಲಿ ಕೂತು ಕಾಯಬೇಡಿ. ಸೇರುವಾಗ ಮೂರು ಸಾಲು ಮಾತ್ರ ಗಮನವಿಟ್ಟು ಓದಿ. ನೋಟಿಸ್ ಅವಧಿ 90 ದಿನ ಎಂದಿದ್ದರೆ ಹಣ ಕಟ್ಟಿ ಮೊದಲೇ ಬಿಡುಗಡೆ ಪಡೆಯಲು ಅವಕಾಶವಿದೆಯೇ? ಜಾಯಿನಿಂಗ್ ಬೋನಸ್ ಕೊಟ್ಟಿದ್ದರೆ ವರ್ಷದೊಳಗೆ ಬಿಟ್ಟವರು ಹಿಂದಿರುಗಿಸಬೇಕೇ? ತರಬೇತಿಯ ಬಾಂಡ್ ಇದೆಯೇ? ಹಿಂದಿರುಗಿಸಬೇಕಾದ ಬೋನಸ್ ಆದರೆ ಬೇಡ ಎನ್ನಿ, ಬಾಂಡ್ ಇದ್ದು ಮೊತ್ತ ದೊಡ್ಡದಿದ್ದರೆ ಬೇರೆ ಕಂಪನಿ ನೋಡಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಂಪನಿಗೆ ಹೋಗಲೇಬೇಡಿ, ದಾಖಲೆ ಪರಿಶೀಲನೆಯ ದಿನ ಅವು ನಿಮ್ಮ ಕೈಯಲ್ಲಿರಬೇಕು. "ಆರ್ಡರ್ ಬೇಗ ಮಾಡಿಸಿಕೊಡ್ತೀವಿ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಆದೇಶ ಬಂದ ಮೇಲೆ ಹಾಜರಾಗಲು ಸಿಗುವುದು ಹೆಚ್ಚಾಗಿ ಹದಿನೈದು ದಿನ. ಕಂಪನಿಯಿಂದ ಬಿಡುಗಡೆ ತಡವಾಗುವಂತಿದ್ದರೆ ಕಾಲಾವಕಾಶ ಕೋರಿ ನೇಮಕಾತಿ ಪ್ರಾಧಿಕಾರಕ್ಕೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಫೋನಿನಲ್ಲಿ "ಆಯ್ತು ಬನ್ನಿ" ಎಂದದ್ದು ದಾಖಲೆಯಲ್ಲ. ಸರ್ಕಾರಿ ಕೆಲಸಕ್ಕೆ ಸೇರಿದ ಮೇಲೆ ಎನ್‌ಪಿಎಸ್ ಖಾತೆ ಸಂಖ್ಯೆ, ಸಂಬಳದ ಬಿಲ್ ಮಾಡುವ ಎಚ್‌ಆರ್‌ಎಂಎಸ್ ವ್ಯವಸ್ಥೆಯಲ್ಲಿ ನೋಂದಣಿ ಆಗುವವರೆಗೆ ಮೊದಲ ಸಂಬಳ ಕೆಲವು ತಿಂಗಳು ತಡವಾಗುವುದುಂಟು. ಬಾಕಿ ಆಮೇಲೆ ಒಟ್ಟಿಗೆ ಬರುತ್ತದೆ, ಆದರೆ ಬಾಡಿಗೆ ಕಾಯುವುದಿಲ್ಲ. ಕಂಪನಿಯ ಕೊನೆಯ ಸಂಬಳಗಳಿಂದ ಮೂರು ತಿಂಗಳ ಖರ್ಚನ್ನು ಪಕ್ಕಕ್ಕೆ ತೆಗೆದಿಟ್ಟ ಮೇಲೆಯೇ ರಾಜೀನಾಮೆ ಪತ್ರ ಕೊಡಿ.